ಏನ್ ಸಮಾಚಾರ, ತಿಂಡಿ ಆಯ್ತಾ?

ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲಿಷ್ ಮಾತಾಡುವ ಗೆಳೆಯರು ಎದುರಾದಾಗ ‘ವಾಟ್ಸ್ ಅಪ್’ ಅನ್ನುತ್ತಾರೆ. 2009ರಲ್ಲಿ ಶುರುವಾದ ವಾಟ್ಸಾಪ್‌ಗೆ ಆ ಹೆಸರು ಬಂದದ್ದೂ ಈ ಮಾತಿನಿಂದಲೇ. ಆದರೆ ಇದನ್ನೇ ಕನ್ನಡದಲ್ಲಿ ಹೇಗೆ ಹೇಳೋದು ಅಂತ ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಒಂದೇ ಉತ್ತರ ಸಿಗುವುದಿಲ್ಲ. ಯಾಕೆ ಅಂತ ಇವತ್ತು ನೋಡೋಣ.

‘ವಾಟ್ಸ್ ಅಪ್’ನಲ್ಲಿ ಎದುರಿಗಿರುವವರು ಯಾರು ಅನ್ನುವ ಗುರುತೇ ಇಲ್ಲ. ಅವರು ದೊಡ್ಡವರೋ ಚಿಕ್ಕವರೋ, ಗಂಡೋ ಹೆಣ್ಣೋ, ಆ ಮಾತು ತಲೆ ಕೆಡಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಹಾಗೆ ಆಗುವುದಿಲ್ಲ. ಬರೀ ‘ಏನು?’ ಅಂತ ಒಬ್ಬರ ಮುಖ ನೋಡಿ ಕೇಳಿದರೆ, ‘ಯಾಕೆ ಬಂದೆ, ಏನ್ ಬೇಕು’ ಅಂದ ಹಾಗೆ ಕೇಳಿಸುತ್ತದೆ. ಅದಕ್ಕೆ ಒಂದು ಬಾಲ ಸೇರಬೇಕು. ಏನಪ್ಪಾ, ಏನಮ್ಮಾ, ಏನ್ರೀ, ಏನೋ, ಏನೇ. ಮಾತಿಗೆ ಆತ್ಮೀಯತೆ ಬರುವುದು ಆ ಬಾಲದಿಂದ. ಬಾಲ ತಪ್ಪಿದರೆ ಮಾತು ಕೆಡುತ್ತದೆ. ಹಳೇ ಗೆಳೆಯನಿಗೆ ‘ಏನೋ’ ಅಂದರೆ ಪ್ರೀತಿ. ಗುರುತಿಲ್ಲದವನಿಗೆ ಅದನ್ನೇ ಅಂದರೆ ಜಗಳ.

ಮೈಸೂರಿನ ಒಬ್ಬ ಹುಡುಗ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದಾನೆ ಅಂದುಕೊಳ್ಳಿ. ಗೇಟಿನ ಹತ್ತಿರ ಪಕ್ಕದ ಮನೆಯ ಹಿರಿಯರು ಸಿಗುತ್ತಾರೆ. ‘ತಿಂಡಿ ಆಯ್ತಾ ಅಂಕಲ್?’ ಅನ್ನುತ್ತಾನೆ. ‘ಆಯ್ತಪ್ಪಾ, ನಿಂದು?’ ಅಂತ ಅವರು. ಏನು ತಿಂಡಿ ಅಂತ ತಿಳಿಯುವುದು ಇಬ್ಬರಿಗೂ ಬೇಕಿಲ್ಲ. ನಿಮ್ಮನ್ನು ನೋಡಿದೆ, ಮಾತಾಡಿಸಿದೆ ಅನ್ನುವುದಷ್ಟೇ ಅಲ್ಲಿರುವ ವಿಷಯ. ಮಧ್ಯಾಹ್ನವಾದರೆ ಅದೇ ಮಾತು ‘ಊಟ ಆಯ್ತಾ’, ಸಂಜೆ ‘ಕಾಫಿ ಆಯ್ತಾ’. ಬೀದಿ ತಿರುವಿನಲ್ಲಿ ಜೊತೆಗೆ ಓದಿದವನು ಸಿಕ್ಕರೆ ಮಾತು ಪೂರ್ತಿ ಬದಲು: ‘ಏನ್ ಮಗಾ, ಕಾಣಿಸ್ತಾನೇ ಇಲ್ಲ!’ ಕೆಲಸದ ಜಾಗದಲ್ಲಿ ಮೇಲಿನವರು ಎದುರಾದರೆ ‘ನಮಸ್ಕಾರ ಸಾರ್’, ಅಷ್ಟೇ. ಅವರೇ ‘ಏನಪ್ಪಾ, ಏನ್ ಸಮಾಚಾರ?’ ಅಂತ ಕೇಳಬಹುದು. ಇವನು ತಿರುಗಿ ಅವರನ್ನು ‘ಏನ್ ಸಮಾಚಾರ’ ಅಂತ ಕೇಳಿದರೆ ಸಲಿಗೆ ಜಾಸ್ತಿ ಆಯಿತು ಅನ್ನಿಸುತ್ತದೆ.

ನನ್ನ ಅಭಿಪ್ರಾಯದಲ್ಲಿ ‘ವಾಟ್ಸ್ ಅಪ್’ಗೆ ತೀರಾ ಹತ್ತಿರ ಬರುವುದು ಈ ‘ಏನ್ ಸಮಾಚಾರ’ವೇ. ಇದಕ್ಕೆ ನಿಜವಾಗಿ ಸುದ್ದಿ ಹೇಳಬೇಕಾಗಿಲ್ಲ. ‘ಏನಿಲ್ಲ, ಹೀಗೇ ನಡೀತಿದೆ’ ಅಂದರೆ ಆಯಿತು. ‘ನೀವೇ ಹೇಳ್ಬೇಕು’ ಅಂತ ಮಾತನ್ನು ಅವರ ಕಡೆಗೇ ತಿರುಗಿಸಿದರೂ ಯಾರೂ ಬೇಜಾರಾಗುವುದಿಲ್ಲ.

‘ಏನ್ ವಿಶೇಷ’ ಅಂತಲೂ ಕೇಳುತ್ತೇವೆ. ಇಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಹೊಸದಾಗಿ ಮದುವೆಯಾದವರನ್ನು ಕೇಳಿದರೆ ಬಸಿರಿನ ಸುದ್ದಿ ಕೇಳಿದ ಹಾಗಾಗುತ್ತದೆ. ಮಗುವಿಗಾಗಿ ಕಾಯುತ್ತಿರುವವರಿಗೆ ಆ ಪ್ರಶ್ನೆ ನೋವು ಕೊಡುತ್ತದೆ. ಕನ್ನಡ ಕಲಿಯುವವರಿಗೆ ಇದನ್ನು ಮೊದಲೇ ಹೇಳಿಕೊಡಬೇಕು.

ಹುಬ್ಬಳ್ಳಿ ಧಾರವಾಡದ ಕಡೆ ಹೋದರೆ ‘ಆರಾಮ್ ಅದೀರಿ?’, ‘ಊಟ ಆತೇನ್ರಿ?’ ಅನ್ನುತ್ತಾರೆ. ಮಂಗಳೂರಿನ ಕಡೆ ‘ಎಂಥ ಮಾರಾಯ್ರೆ’. ಆ ‘ಮಾರಾಯ್ರೆ’ ಕೂಡ ನಾನು ಹೇಳಿದ ಬಾಲದ ಕೆಲಸವನ್ನೇ ಮಾಡುತ್ತದೆ.

ದಾರಿಯಲ್ಲಿ ಹೊರಟವರನ್ನು ಮಾತಾಡಿಸುವ ರೀತಿ ಇನ್ನೂ ಸೂಕ್ಷ್ಮ. ಕೆಲಸಕ್ಕೆ ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಅನ್ನುವ ನಂಬಿಕೆ ಹಳೆಯದು. ಅದಕ್ಕೇ ಹಿರಿಯರು ‘ದೂರ ಹೊರಟ ಹಾಗಿದೆ’ ಅನ್ನುತ್ತಾರೆ. ‘ಇಲ್ಲೇ, ಹೀಗೇ ಬಂದೆ’ ಅಂದರೆ ಸಾಕು. ಎಲ್ಲಿಗೆ ಅಂತ ಅವರು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಆದರೂ ಮಾತಾಡಿದ್ದಾಯಿತು.

ಇಂಗ್ಲಿಷಿನವರು ಯಾರಾದರೂ ಸಪ್ಪಗಿದ್ದಾಗಲೂ ‘ವಾಟ್ಸ್ ಅಪ್’ ಅನ್ನುವುದುಂಟು. ಆಗ ‘ಏನ್ ಸಮಾಚಾರ’ ನಡೆಯುವುದಿಲ್ಲ. ‘ಯಾಕೆ, ಏನಾಯ್ತು?’ ಅನ್ನಬೇಕು. ಇನ್ನು ಫೋನಿನಲ್ಲಿ ಮಾತು ನಿಂತುಹೋದಾಗ ನಾವು ‘ಮತ್ತೆ?’ ಅನ್ನುತ್ತೇವೆ. ‘ಮತ್ತೇನ್ ಸಮಾಚಾರ?’ ಅಂತ ಮೊದಲ ಸಲ ಕೇಳಿದರೆ ಮಾತು ಮುಂದುವರಿಯಲಿ ಅಂತ. ಅದನ್ನೇ ಎರಡು ಮೂರು ಸಲ ಕೇಳಿದರೆ ಫೋನ್ ಇಡುವ ಹೊತ್ತಾಯಿತು ಅಂತ. ಯಾವಾಗ ಯಾವುದು ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ.

ನಮಸ್ಕಾರ.