ಹೊರದೇಶಕ್ಕೆ ಹೊರಟವರ ಪುಸ್ತಕದಲ್ಲಿ ಒಂದು ಗೆರೆ

ಎಲ್ಲರಿಗೂ ಶರಣು.

ಕಲಬುರಗಿಯಿಂದ ಓದಲು ಹೊರದೇಶಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹೇಗೂ ಇರುತ್ತವೆ. ಪಕ್ಕದಲ್ಲಿ ಒಂದು ಗೈಡ್ ಪುಸ್ತಕವೂ ಇದ್ದರೆ ಒಳ್ಳೆಯದು. ಆದರೆ ಅದರಲ್ಲಿ ಏನನ್ನು ಪೂರ್ತಿ ನಂಬಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ.

ಇಂಥ ಪುಸ್ತಕಗಳಲ್ಲಿ, ಹೊರದೇಶಕ್ಕೆ ಹೋದವರ ಮನಸ್ಸು ಹೇಗೆ ಏರಿಳಿಯುತ್ತದೆ ಅಂತ ತೋರಿಸುವ, ಯು ಅಕ್ಷರದ ಆಕಾರದ ಗೆರೆಯೊಂದು ಆಗಾಗ ಸಿಗುತ್ತದೆ. ಮೊದಲು ಖುಷಿ, ಕೆಲವು ತಿಂಗಳಿಗೆ ಬೇಸರ, ಆಮೇಲೆ ಹೊಂದಿಕೆ. 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ ಬರೆದ ಲೇಖನದಿಂದ ಇದು ಹಬ್ಬಿತು. ಅಮೆರಿಕದಿಂದ ಮರಳಿದ ನಾರ್ವೆಯವರನ್ನು ಅವರು ಮಾತಾಡಿಸಿದ್ದರು. ಒಬ್ಬನನ್ನೇ ತಿಂಗಳು ತಿಂಗಳು ಗಮನಿಸಿರಲಿಲ್ಲ. ಹಾಗೆ ಗಮನಿಸಿದ್ದು 1998ರಲ್ಲಿ ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಜೊತೆಗಾರರು. ನ್ಯೂಜಿಲೆಂಡಿಗೆ ಬಂದಿಳಿದ ಜಪಾನಿ ವಿದ್ಯಾರ್ಥಿಗಳನ್ನು ಬಂದ ಕೂಡಲೇ ಕೇಳಿದರು, ಆಮೇಲೂ ವರ್ಷವಿಡೀ ಆಗಾಗ ಕೇಳಿದರು. ಹೆಚ್ಚು ಕಷ್ಟ ಕಂಡಿದ್ದು ಶುರುವಿನಲ್ಲೇ!

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಮೊದಲ ವಾರವೇ ಅಳು ಬಂದ ಹುಡುಗಿ, "ಎಲ್ಲರಿಗೂ ಈಗ ಖುಷಿಯಂತೆ, ನನಗೇ ಏನೋ ಆಗಿದೆ" ಅಂದುಕೊಳ್ಳುತ್ತಾಳೆ. ಆ ಹಾಳೆಯ ಪಕ್ಕ ಪೆನ್ಸಿಲಿನಲ್ಲಿ 1998 ಅಂತ ಬರೆದಿಡಿ.

ಒಂಟಿತನಕ್ಕೆ ನಾನು ಹೇಳುವುದು ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ ಅವರ 1973ರ ಪುಸ್ತಕ. ಪ್ರಯಾಣದ ಗೈಡ್ ಏನಲ್ಲ, ಆದರೂ ಜಾಸ್ತಿ ಉಪಯೋಗ. ಒಂಟಿತನ ಎರಡು ಬಗೆಯದು ಅನ್ನುತ್ತಾರೆ. ತೀರಾ ಹತ್ತಿರದವರು ಇಲ್ಲದ ನೋವು ಒಂದು. ಸುತ್ತ ಒಂದು ಗುಂಪೇ ಇಲ್ಲದ ಬೇಸರ ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಆಳಂದದ ಹುಡುಗನೊಬ್ಬ ಅಕ್ಟೋಬರಿನಲ್ಲಿ ಬರ್ಲಿನ್‌ಗೆ ಹೋದ ಅಂದುಕೊಳ್ಳಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಭಾನುವಾರ ಅಂಗಡಿಗಳು ಬಹುತೇಕ ಬಂದ್. ರಾತ್ರಿ ಒಂಬತ್ತಕ್ಕೆ ಬೇಸರವಾಗಿ ಫೋನ್ ತೆಗೆದರೆ ಊರಿನಲ್ಲಿ ನಡುರಾತ್ರಿ ಒಂದೂವರೆ. ಅವ್ವ ಎದ್ದು ಮಾತಾಡುತ್ತಾಳೆ, ಪಾಪ. "ಊಟ ಆಯ್ತೇನೋ?" ಅನ್ನುತ್ತಾಳೆ. ಮೊದಲ ನೋವು ತಣ್ಣಗಾಗುತ್ತದೆ. ಫೋನ್ ಇಟ್ಟ ಮೇಲೆ ಎರಡನೆಯದು ಹಾಗೇ ಇರುತ್ತದೆ. ಅವನು ಇನ್ನೂ ಹೆಚ್ಚು ಹೊತ್ತು ಫೋನಿನಲ್ಲಿ ಕೂರುತ್ತಾನೆ, ಸಂಜೆ ಹೊರಗೆ ಹೋಗುವುದು ತಪ್ಪುತ್ತದೆ. ತಪ್ಪು ಮದ್ದು ಅಂತ ಗುರುತಿಸುವುದು ಹೀಗೆ: ಮಾತು ಹೆಚ್ಚಿದಷ್ಟೂ ಬೇಸರ ಹೆಚ್ಚುತ್ತದೆ.

ಅವನಿಗೆ ಬೇಕಿರುವುದು ಪ್ರತಿ ವಾರ ಅದೇ ಮುಖಗಳು ಸಿಗುವ ಜಾಗ. ಒಂದು ದಿನದ ಸ್ವಾಗತ ಪಾರ್ಟಿ ಸಾಲದು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಹೋಕ್‌ಶೂಲ್‌ಸ್ಪೋರ್ಟ್ ಅಂತ ಕಡಿಮೆ ಶುಲ್ಕದ ಆಟದ ತರಗತಿಗಳಿವೆ. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಸೀಟು ಬೇಗ ತುಂಬುತ್ತವೆ. ಹಾಗಾಗಿ ಬೇಸರ ಬರುವ ಮೊದಲೇ ಹೆಸರು ಹಚ್ಚಬೇಕು.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕ್ಲಾಸು ತಪ್ಪುತ್ತಿವೆ ಅಂದರೆ ಪುಸ್ತಕ ಮುಚ್ಚಿಡಿ. ಅಲ್ಲಿ ವಿದ್ಯಾರ್ಥಿಗಳಿಗೆ ನೆರವಾಗುವ ಸಂಸ್ಥೆಯಾದ ಸ್ಟುಡೀರೆಂಡೆನ್‌ವೆರ್ಕ್‌ನಲ್ಲಿ ಆಪ್ತಸಮಾಲೋಚಕರಿದ್ದಾರೆ. ಅಪಾಯಿಂಟ್‌ಮೆಂಟ್ ಕೇಳಿ. ಈಗ ನಿಮ್ಮ ಪ್ರಶ್ನೆ ಇದ್ದರೆ ಕೇಳ್ರಿ.