ಮಹಾಗೋಡೆ ಒಳಗೆ ಬರೋರಿಗಲ್ಲ, ಹೊರಗೆ ಹೋಗೋರಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ, ಅದನ್ನ ಪಕ್ಕಕ್ಕಿಟ್ಟೆ. ಕಾರಣ, ಹೋದ ಸಂಚಿಕೆ ಕೆಳಗೆ ಬಂದಿರೋ ಒಂದು ಕಾಮೆಂಟು. "ಚೀನಾದ ಮಹಾಗೋಡೆ ದಂಡದ ಖರ್ಚು. ಒಂದು ಏಣಿ ಒರಗಿಸಿದ್ರೆ ಮುಗೀತು. ಚಂಗೀಸ್ ಖಾನ್ ದಾಟ್ಕೊಂಡು ಬರ್ಲಿಲ್ವಾ?" ಇದಕ್ಕೆ ಲೈಕ್ ಮೇಲೆ ಲೈಕು. ಈ ಮಾತು ನನಗೆ ವರ್ಷಗಳಿಂದ ಕಿವಿಗೆ ಬೀಳ್ತಾನೇ ಇದೆ, ಪ್ರತಿ ಸಲ ಮೈ ಉರಿಯುತ್ತೆ.

ಮೊದಲು ಚಂಗೀಸ್ ಖಾನ್ ಕಥೆ ಮುಗಿಸಿಬಿಡೋಣ. ಅವನು ಉತ್ತರ ಚೀನಾದ ಮೇಲೆ ಬಿದ್ದಿದ್ದು 1211ರಲ್ಲಿ, ಜಿನ್ ರಾಜವಂಶದ ಕಾಲದಲ್ಲಿ. ನೀವು ಫೋಟೋದಲ್ಲಿ ನೋಡೋ ಇಟ್ಟಿಗೆ ಗೋಡೆ, ಬುರುಜು, ಇದೆಲ್ಲ ಮಿಂಗ್ ರಾಜವಂಶದ್ದು. ಮಿಂಗ್ ಶುರುವಾಗಿದ್ದೇ 1368ರಲ್ಲಿ, ಮಂಗೋಲರನ್ನ ಓಡಿಸಿದ ವರ್ಷ. ಇಲ್ಲದ ಗೋಡೆಯನ್ನ ಅವನು ದಾಟೋದು ಹೇಗೆ? ಜಿನ್ ಕಾಲದಲ್ಲೂ ಗಡಿಯಲ್ಲಿ ಮಣ್ಣಿನ ಏರಿ, ಕಂದಕ ಇತ್ತು ನಿಜ. ಆದರೆ ಅಲ್ಲಿ ಕಾವಲಿಗಿದ್ದ ಓಂಗುಟ್ ಜನಾಂಗದವರೇ ಚಂಗೀಸ್ ಖಾನನ ಕಡೆ ಸೇರ್ಕೊಂಡಿದ್ರು. ಕಾವಲುಗಾರ ಕೈಕೊಟ್ಟರೆ ಗೋಡೆಯದ್ದೇನು ತಪ್ಪು?

ಈಗ ಏಣಿ. ಇಲ್ಲೇ ನನ್ನ ವಾದ ಇರೋದು. ಏಣಿ ಇಟ್ಟು ಒಳಗೆ ಬರಬಹುದು, ಒಪ್ಪಿದೆ. ಗೋಡೆ ಅಗೆದು ಕಿಂಡಿ ಮಾಡ್ಕೊಂಡು ಕುದುರೆಯನ್ನೂ ನುಗ್ಗಿಸಬಹುದು, ಅದೂ ಒಪ್ಪಿದೆ. ಆದರೆ ಉತ್ತರದ ಮಂಗೋಲ್ ದಾಳಿಕಾರರು ಬರ್ತಿದ್ದಿದ್ದು ಯಾಕೆ? ಗೋಡೆ ನೋಡೋಕಾ? ದನ, ಕುರಿ, ಧಾನ್ಯ, ಬಟ್ಟೆ, ಜನ, ಇದನ್ನೆಲ್ಲ ಹೊಡ್ಕೊಂಡು ಹೋಗೋಕೆ ಬರ್ತಿದ್ರು. ತೋಟಕ್ಕೆ ನುಗ್ಗೋ ಕಳ್ಳ ಬೇಲಿ ಹಾರಿ ಬರ್ತಾನೆ ಸ್ವಾಮಿ, ಆದರೆ ಕೊಟ್ಟಿಗೆಯಲ್ಲಿರೋ ಹಸುವನ್ನ ಬೇಲಿ ಹಾರಿಸಿ ಹೊಡ್ಕೊಂಡು ಹೋಗೋಕಾಗುತ್ತಾ? ಗೋಡೆ ಇದ್ದದ್ದು ಒಳಗೆ ಬರೋರನ್ನ ತಡೆಯೋಕಲ್ಲ. ಲೂಟಿ ಮಾಡಿಕೊಂಡು ಹೊರಗೆ ಹೋಗೋರನ್ನ ಸಿಕ್ಕಿಸೋಕೆ.

ಸುಮ್ನೆ ಹೇಳ್ತಿಲ್ಲ. ಒಂದು ಜಾಗ, ಒಂದು ಇಸವಿ ಇಟ್ಕೊಂಡು ನೋಡೋಣ.

ಹಳದಿ ನದಿ ಉತ್ತರಕ್ಕೆ ಹೋಗಿ, ಪೂರ್ವಕ್ಕೆ ತಿರುಗಿ, ಮತ್ತೆ ದಕ್ಷಿಣಕ್ಕೆ ಇಳಿಯುತ್ತೆ. ಆ ದೊಡ್ಡ ತಿರುವಿನ ಒಳಗಿರೋದೇ ಆರ್ಡೋಸ್. ಒಂದಿಷ್ಟು ಹುಲ್ಲುಗಾವಲು, ಒಂದಿಷ್ಟು ಮರಳು. ಅದರ ದಕ್ಷಿಣಕ್ಕೆ ಶಾನ್ಶಿ ಪ್ರಾಂತ್ಯದ ಹೊಲಗಳು. ಹದಿನೈದನೇ ಶತಮಾನದ ನಡುವಿನಿಂದ ಮಂಗೋಲ್ ಗುಂಪುಗಳು ಆರ್ಡೋಸಿಗೆ ಬಂದು ಬೀಡುಬಿಡೋಕೆ ಶುರು ಮಾಡಿದ್ವು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೆ ಮಂಜಿನ ಮೇಲೇ ಕುದುರೆ ದಾಟಿಸಿಕೊಂಡು ಬರ್ತಿದ್ರು. ದಾಳಿಗೆ ಹೊರಡೋಕೆ ಒಳ್ಳೇ ಹೊತ್ತು ಅಂದ್ರೆ ಬೇಸಿಗೆಯ ಹುಲ್ಲು ಮೇಯ್ದು ಕುದುರೆಗಳು ಕೊಬ್ಬಿರೋ ಸಮಯ. ಈ ಕಡೆ ರೈತನ ಕಣಕ್ಕೆ ಬೆಳೆ ಬಂದಿರೋದೂ ಆಗಲೇ.

ಆ ಭಾಗದ ಮಿಂಗ್ ಅಧಿಕಾರಿ ಯೂ ಝಿಜುನ್. ಗೋಡೆ ಕಟ್ಟೋಣ ಅಂತ ಅರಸನಿಗೆ ಬರೀತಾನೇ ಇದ್ದ. ಯುದ್ಧ ಮಾಡಿ ಓಡಿಸೋಣ ಅನ್ನೋರು ಆಸ್ಥಾನದಲ್ಲಿ ಜೋರಾಗಿದ್ರು. 1473ರಲ್ಲಿ ವಾಂಗ್ ಯುಎ ಅನ್ನೋ ಸೇನಾಧಿಕಾರಿ, ಮಂಗೋಲ್ ಯೋಧರು ದಾಳಿಗೆ ಹೋಗಿದ್ದ ಸಮಯ ನೋಡಿ, ಕೆಂಪು ಉಪ್ಪಿನ ಕೆರೆ ಹತ್ತಿರ ಇದ್ದ ಅವರ ಬಿಡಾರದ ಮೇಲೆ ಬಿದ್ದ. ಅಲ್ಲಿದ್ದದ್ದು ಅವರ ಹೆಂಡತಿ ಮಕ್ಕಳು, ಮುದುಕರು, ದನಕರು. ಕ್ರೂರ ಕೆಲಸ ಅದು. ವಾಪಸ್ ಬಂದ ಯೋಧರು ಸುಟ್ಟ ಬಿಡಾರ ನೋಡಿ ಆ ಜಾಗ ಬಿಟ್ಟು ಹೋದ್ರು. ಯೂ ಝಿಜುನ್‌ಗೆ ಗೋಡೆ ಕಟ್ಟೋಕೆ ಸಿಕ್ಕ ಬಿಡುವು ಅದೇ.

1474ರಲ್ಲಿ ಕೆಲಸಕ್ಕೆ ಕೈ ಹಾಕಿದ. ನಲವತ್ತು ಸಾವಿರ ಸೈನಿಕರು, ಮೂರು ತಿಂಗಳಿಗೂ ಕಡಿಮೆ ಸಮಯ, ಉದ್ದ 1,770 ಲೀ. ಒಂದು ಲೀ ಅಂದ್ರೆ ಸುಮಾರು ಅರ್ಧ ಕಿಲೋಮೀಟರ್, ಹೆಚ್ಚುಕಡಿಮೆ ಒಂಬೈನೂರು ಕಿಲೋಮೀಟರ್ ಆಯ್ತು. ಇಷ್ಟು ಬೇಗ ಹೇಗೆ ಮುಗೀತು ಅಂದ್ರೆ, ಎಲ್ಲಾ ಕಡೆ ಗೋಡೆ ಕಟ್ಟಲೇ ಇಲ್ಲ. ಗುಡ್ಡ ಇದ್ದ ಕಡೆ ಗುಡ್ಡದ ಮೈಯನ್ನೇ ಕಡಿದು ನೆಟ್ಟಗೆ ನಿಲ್ಲಿಸಿದ್ರು. ಬಯಲಿದ್ದ ಕಡೆ ಮಣ್ಣು ಬಡಿದು ಗೋಡೆ ಎಬ್ಬಿಸಿ, ಅದರ ಬುಡದಲ್ಲಿ ಕಂದಕ ತೋಡಿದ್ರು. ಎರಡು ಮೂರು ಲೀಗೊಂದು ಕಾವಲು ಜಾಗ. ಅವುಗಳ ನಡುವೆ ಅಲ್ಲಲ್ಲಿ ಮೊರದ ಆಕಾರದ ಮೋಟು ಗೋಡೆ: ಒಂದು ಅಡ್ಡ, ಎರಡು ಓರೆ. ಅದರ ಮರೆಯಲ್ಲಿ ನಿಂತು ಶತ್ರುವನ್ನ ನೋಡಬಹುದು, ಬಾಣ ತಾಗಲ್ಲ. ಇಂಥ ವಿವರ ಕೂಡ ಮಿಂಗ್ ಇತಿಹಾಸದ ಅಧಿಕೃತ ದಾಖಲೆಯಲ್ಲಿದೆ. ಆ ಮೋಟು ಗೋಡೆ ಮರೆಯಲ್ಲಿ ಕೂತು ಉತ್ತರಕ್ಕೆ ಕಣ್ಣು ನೆಟ್ಟಿದ್ದ ಸೈನಿಕನನ್ನ ಒಂದು ಕ್ಷಣ ಮನಸ್ಸಿಗೆ ತಂದ್ಕೊಳ್ಳಿ, ಆಮೇಲೆ ದಂಡದ ಖರ್ಚು ಅನ್ನಿ.

ಮಣ್ಣು ಬಡಿಯೋದು ಅಂದ್ರೆ ಹೇಗೆ? ಎರಡೂ ಕಡೆ ಹಲಗೆ ಕಟ್ಟಿ, ನಡುವೆ ಸಡಿಲ ಮಣ್ಣು ಸುರಿದು, ಅದು ಗಟ್ಟಿಯಾಗಿ ಇಳಿಯೋವರೆಗೂ ದಮ್ಮಸ್ಸು ಹಾಕೋದು. ಆಮೇಲೆ ಹಲಗೆ ಮೇಲಕ್ಕೆತ್ತಿ ಮುಂದಿನ ಪದರ. ಸರಿಯಾಗಿ ಬಡಿಯದಿದ್ರೆ ಮಳೆನೀರು ಪದರಗಳ ನಡುವೆ ಇಳಿದು ಬುಡ ಕೊರೆಯುತ್ತೆ. ಇದೇ ಆರ್ಡೋಸ್ ಅಂಚಿನಲ್ಲಿ, ಇದಕ್ಕಿಂತ ಸಾವಿರ ವರ್ಷ ಹಿಂದೆ, 413ರಲ್ಲಿ, ಹೆಲಿಯಾನ್ ಬೋಬೋ ಅನ್ನೋ ಅರಸ ತೋಂಗ್‌ವಾನ್ ಅನ್ನೋ ಕೋಟೆ ಪಟ್ಟಣ ಕಟ್ಟಿಸೋಕೆ ಶುರು ಮಾಡಿದ. ಬಡಿದ ಗೋಡೆಗೆ ದಬ್ಬಣ ಚುಚ್ಚಿ ನೋಡ್ತಿದ್ರಂತೆ. ಒಂದು ಅಂಗುಲ ಒಳಗೆ ಹೋದ್ರೆ ಕಟ್ಟಿದವನನ್ನ ಕೊಂದು ಆ ಗೋಡೆಗೇ ಸೇರಿಸಿಬಿಡ್ತಿದ್ರು ಅಂತ ಚೀನೀ ಇತಿಹಾಸಕಾರರು ಬರೆದಿದ್ದಾರೆ. ಆ ಹೆಲಿಯಾನ್ ಬೋಬೋ ಯಾರು ಗೊತ್ತಾ? ಶಿಯೋಂಗ್ನು ಮೂಲದವನು, ಹುಲ್ಲುಗಾವಲಿನ ಕುದುರೆ ಸವಾರರ ವಂಶ. ಗೋಡೆ ಕೆಲಸಕ್ಕೆ ಬರಲ್ಲ ಅಂತ ನೀವು ಹೇಳ್ತೀರಿ, ಅವನಿಗೆ ಹಾಗನ್ನಿಸಿರಲಿಲ್ಲ.

ಈಗ 1482ಕ್ಕೆ ಬನ್ನಿ. ಗೋಡೆ ಎದ್ದು ಎಂಟು ವರ್ಷ. ಮಂಗೋಲ್ ದಾಳಿಕಾರರು ಒಳಗೆ ಬಂದ್ರು. ಬಂದ್ರು ಅಂತಲೇ ದಾಖಲೆ ಹೇಳುತ್ತೆ, ಯಾರೂ ಮುಚ್ಚಿಟ್ಟಿಲ್ಲ. ಶು ನಿಂಗ್ ಮತ್ತಿತರ ಸೇನಾಧಿಕಾರಿಗಳು ಹಿಂದೆ ಬಿದ್ದು ಅಟ್ಟಿಸ್ಕೊಂಡು ಹೋದ್ರು. ದಾಳಿಕಾರರು ವಾಪಸ್ ಓಡಿದ್ರೆ ಮುಂದೆ ಗೋಡೆ, ಗೋಡೆ ಬುಡದಲ್ಲಿ ಕಂದಕ. ಚೆಲ್ಲಾಪಿಲ್ಲಿಯಾದ್ರು, ಹೊರಗೆ ಹೋಗೋಕೆ ದಾರಿ ಸಿಗಲಿಲ್ಲ, ಕೆಟ್ಟದಾಗಿ ಸೋತ್ರು. ಗಡಿಯ ಜನ ಆಮೇಲೆ ಯೂ ಝಿಜುನ್‌ನ ಇನ್ನಷ್ಟು ನೆನೆಸ್ಕೊಂಡ್ರು ಅಂತ ಬರೆದಿದೆ. ಕೇಳಿಸ್ಕೊಂಡ್ರಾ? ಸಿಕ್ಕಿಬಿದ್ದದ್ದು ಬರುವಾಗ ಅಲ್ಲ, ಹೋಗುವಾಗ!

ಈ ಚಾನೆಲ್‌ನಲ್ಲಿ ಇಂಥ ಪಾಠಗಳನ್ನ ಸಾವಧಾನವಾಗಿ ಹೇಳ್ತೀವಿ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ರೆ ಈಗಲೇ ಆಗಿ. ವಿಷಯಕ್ಕೆ ಬರ್ತೀನಿ.

ಅಟ್ಟಿಸ್ಕೊಂಡು ಹೋಗೋಕೆ ಸೈನ್ಯಕ್ಕೆ ಸುದ್ದಿ ತಲುಪಬೇಕಲ್ಲ? ಅದಕ್ಕೂ ಗೋಡೆಯ ಬುರುಜೇ ಬೇಕು. ಬುರುಜಿನಿಂದ ಸಂಕೇತ ಕೊಡೋಕೆ 1466ರಲ್ಲಿ ಮಾಡಿದ ನಿಯಮ ನೋಡಿ. ಶತ್ರುಗಳು ನೂರರ ಆಸುಪಾಸು ಇದ್ರೆ ಒಂದು ಹೊಗೆ, ಒಂದು ತೋಪಿನ ಸದ್ದು. ಐನೂರಿದ್ರೆ ಎರಡೆರಡು. ಸಾವಿರ ದಾಟಿದ್ರೆ ಮೂರು, ಐದು ಸಾವಿರಕ್ಕೆ ನಾಲ್ಕು, ಹತ್ತು ಸಾವಿರಕ್ಕೆ ಐದು. ಒಂದು ಬುರುಜಿನ ಹೊಗೆ ನೋಡಿ ಮುಂದಿನವನು ಹಚ್ತಾನೆ. ದಾಳಿಕಾರ ಇನ್ನೂ ಕುರಿ ಒಟ್ಟು ಮಾಡ್ತಿರುವಾಗಲೇ ಎಷ್ಟು ಜನ ಬಂದಿದ್ದಾರೆ ಅನ್ನೋದು ದಂಡಿನವರಿಗೆ ಗೊತ್ತಾಗಿರುತ್ತೆ. ಕುದುರೆ ಎಷ್ಟೇ ವೇಗವಾಗಿ ಓಡಲಿ, ಲೂಟಿ ಮಾಡಿದ ಕುರಿ ಕುದುರೆ ವೇಗಕ್ಕೆ ಓಡಲ್ಲ. ಲೂಟಿ ಹೊತ್ತವನ ನಡಿಗೆ ಕುರಿಯ ನಡಿಗೆ. ಅಂಥವನಿಗೆ ಒಂದು ಕಂದಕ ಸಾಕು ಅರ್ಧ ದಿನ ಕಳೆಯೋಕೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಗೋಡೆ ಎದ್ದ ಮೇಲೆ ಅದರ ಒಳಗಿನ ನೆಲವನ್ನ ಸೈನಿಕರಿಗೆ ಹಂಚಿ ಉಳುಮೆ ಮಾಡಿಸಿದ್ರು. ವರ್ಷಕ್ಕೆ ಅರವತ್ತು ಸಾವಿರ ಶಿ ಮೇಲೆ ಧಾನ್ಯ ಬಂತು. ಶಿ ಅನ್ನೋದು ಮಿಂಗ್ ಕಾಲದ ಧಾನ್ಯದ ಅಳತೆ. ಮೊದಲು ದಾಳಿಗೆ ಹೆದರಿ ಪಾಳು ಬಿದ್ದಿದ್ದ ನೆಲ ಇದು. ದಂಡದ ಖರ್ಚಂತೆ!

ಈಗ ಬರ್ತಾರೆ ನೋಡಿ ಜಾಣರು. "1501ರಲ್ಲಿ ಅದೇ ಗೋಡೆಯ ಪಶ್ಚಿಮದ ತುದಿ, ಹುವಾಮಾಚಿ ಹತ್ತಿರ, ಲಕ್ಷ ಕುದುರೆ ಸವಾರರು ನುಗ್ಗಿದ್ರಲ್ಲ?" ನುಗ್ಗಿದ್ರು. ಲಕ್ಷ ಅನ್ನೋ ಲೆಕ್ಕ ಅಂದಿನ ದಾಖಲೆಯದ್ದೇ. ಆದರೆ ಯಾವತ್ತೋ ಒಮ್ಮೆ ಬರೋ ಮಹಾಸೈನ್ಯ ಬೇರೆ, ಸುಗ್ಗಿ ಸುಗ್ಗಿಗೂ ಬರೋ ಲೂಟಿಕೋರರ ಗುಂಪು ಬೇರೆ. ಗೋಡೆ ಎರಡನೆಯದಕ್ಕೆ ಮದ್ದು. ಮೊದಲನೆಯದಕ್ಕೆ ಮಣ್ಣಿನ ಗೋಡೆ ಸಾಲೋದಿಲ್ಲ, ಅದಕ್ಕೆ ಕಟ್ಟಿದ್ದೂ ಅಲ್ಲ.

"ಹಾಗಾದ್ರೆ 1550?" ಅಂತಾರೆ. ಮಂಗೋಲ್ ದೊರೆ ಅಲ್ತಾನ್ ಖಾನ್ ಬೀಜಿಂಗ್ ಉತ್ತರದ ಗುಬೈಕೌ ಕಣಿವೆ ಕಡೆಯಿಂದ ಬಂದು ಬೀಜಿಂಗ್ ಸುತ್ತಮುತ್ತ ದೋಚಿ, ಲೂಟಿ ಸಮೇತ ಹೊರಟುಹೋದ. ಹೋದ, ನಿಜ. ಯಾಕೆ ಹೋದ? ಮಿಂಗ್ ಸೈನ್ಯ ಕೈಕಟ್ಟಿ ನಿಂತಿತ್ತು! ಕಾದಾಡಬೇಡಿ ಅಂದಿದ್ದ ಯುದ್ಧ ಮಂತ್ರಿ ಡಿಂಗ್ ರೂಕ್ವಿಯ ತಲೆಯನ್ನ ಆಮೇಲೆ ಅರಸ ತೆಗೆಸಿದ. ಗೋಡೆ ಹಿಡಿದು ನಿಲ್ಲಿಸುತ್ತೆ, ಹಿಂದಿನಿಂದ ಬಂದು ಹೊಡೆಯೋರು ಬೇಕು. 1482ರಲ್ಲಿ ಶು ನಿಂಗ್ ಇದ್ದ, 1550ರಲ್ಲಿ ಯಾರೂ ಇರಲಿಲ್ಲ. ಇದನ್ನ ಗೋಡೆಯ ಲೆಕ್ಕಕ್ಕೆ ಯಾಕೆ ಬರೀತೀರಿ?

ಗೋಡೆಗೆ ನಿಜವಾದ ಶತ್ರು ಇನ್ನೊಂದಿತ್ತು, ಮರಳು. ಆರ್ಡೋಸ್ ಅಂಚಿನ ಯೂಲಿನ್ ಪಟ್ಟಣದ ಕಡೆ ಗಾಳಿಗೆ ಮರಳು ಬಂದು ಗೋಡೆಗೆ ಒರಗಿ, ಕೊನೆಗೆ ಗೋಡೆಯಷ್ಟೇ ಎತ್ತರ ಆಗ್ತಿತ್ತು. ಕುದುರೆ ಆ ದಿಬ್ಬದ ಮೇಲೆ ನಡ್ಕೊಂಡೇ ದಾಟಬಹುದು. ಮಿಂಗ್ ಕೊನೆಗಾಲದಲ್ಲಿ ಸೈನಿಕರ ಕೈಯಲ್ಲಿ ಸನಿಕೆ ಕೊಟ್ಟು ಮರಳು ತೆಗೆಸಿದ್ರು. ಗೋಡೆ ಟೀಕೆ ಮಾಡೋದಾದ್ರೆ ಇದನ್ನ ಹೇಳಿ, ನಾನೂ ಕೂತು ಕೇಳ್ತೀನಿ. ಏಣಿ ಅಂತೆ, ಏಣಿ!

ಇನ್ನು, "ದಾಳಿ ನಿಂತದ್ದು ವ್ಯಾಪಾರದಿಂದ, ಗೋಡೆಯಿಂದಲ್ಲ" ಅನ್ನೋರು. 1571ರಲ್ಲಿ ಮಿಂಗ್ ಅರಸ ಅಲ್ತಾನ್ ಖಾನನಿಗೆ ಬಿರುದು ಕೊಟ್ಟು ಗಡಿಯಲ್ಲಿ ಸಂತೆ ತೆರೆದ. ಕುದುರೆ ಕೊಟ್ಟು ಬಟ್ಟೆ, ಧಾನ್ಯ ತಗೊಂಡು ಹೋಗೋ ಹಾಗಾಯ್ತು. ದಾಳಿ ತುಂಬಾ ಕಡಿಮೆಯಾಯ್ತು, ನಾನೂ ಒಪ್ತೀನಿ. ಅಲ್ತಾನ್ ಖಾನ್ 1541ರಿಂದ ಸಂತೆ ಕೇಳ್ತಾನೇ ಇದ್ದ, ಮರುವರ್ಷ ಅವನು ಕಳಿಸಿದ ದೂತನನ್ನೇ ಮಿಂಗ್‌ನವರು ಕೊಂದ್ರು, ಅದು ಮಹಾ ಮೂರ್ಖತನ. ಆದರೆ ಆ ಸಂತೆ ನಡೆದದ್ದು ಎಲ್ಲಿ? ಗೋಡೆಯ ಬಾಗಿಲಲ್ಲಿ! ಯೂಲಿನ್ ಹತ್ತಿರ 1607ರಲ್ಲಿ ಕಟ್ಟಿದ ಝೆನ್‌ಬೈತಾಯ್ ಅನ್ನೋ ನಾಲ್ಕಂತಸ್ತಿನ ಬುರುಜು ಇವತ್ತಿಗೂ ನಿಂತಿದೆ. ಅದು ಕಣ್ಣಿಟ್ಟಿದ್ದು ಕೆಳಗಿನ ಸಂತೆ ಮೇಲೆ. ಕದ್ದು ಒಯ್ಯೋದು ಕಷ್ಟ ಆದಮೇಲೆ ತಾನೇ ಕೊಂಡು ಒಯ್ಯೋ ಮಾತು ಇಬ್ಬರಿಗೂ ರುಚಿಸಿದ್ದು?

ಹೊರಗೆ ಹೋಗೋರಿಗೆ, ಹೊರಗೆ ಹೋಗೋರಿಗೆ, ಹೊರಗೆ ಹೋಗೋರಿಗೆ! ಇನ್ನೆಷ್ಟು ಸಲ ಹೇಳಲಿ? ಒಪ್ಪದವರು ಕೆಳಗೆ ಬರೀರಿ, ಜಾಗದ ಹೆಸರು ಮತ್ತು ಇಸವಿ ಹಾಕಿ ಬರೀರಿ. ಮುಂದಿನ ಸಂಚಿಕೆಯಲ್ಲಿ ಅಲ್ತಾನ್ ಖಾನನ ದಾಳಿಯಾದ ಮೇಲೆ ಚೀ ಜಿಗ್ವಾಂಗ್ ಅನ್ನೋ ದಂಡನಾಯಕ ಬೀಜಿಂಗ್ ಉತ್ತರಕ್ಕೆ ಕಟ್ಟಿಸಿದ ಒಳಟೊಳ್ಳಿನ ಇಟ್ಟಿಗೆ ಬುರುಜುಗಳ ಬಗ್ಗೆ ಮಾತಾಡ್ತೀನಿ. ಅದನ್ನ ಕೇಳಿದ ಮೇಲೂ ಏಣಿ ಅಂತೀರಾ ನೋಡ್ತೀನಿ.