ಯಂತ್ರ ಹೇಳಿದ ಹೆಸರು, ಹಸು ಹಾಕಿದ ಕಂದು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಲ್ಯಾಬ್ ಟೆಕ್ನಾಲಜಿ ಓದುವ ಮಕ್ಕಳಿದ್ದೀರಿ. ಹಿಂದೆ ಹಾಲಿನ ಡೇರಿಯವರೂ ಕೂತಿದ್ದೀರಿ. ಕೋಲಾರದಲ್ಲಿ ಈ ವಿಷಯ ಮಾತಾಡುವಾಗ ಇಬ್ಬರೂ ಇರಬೇಕು. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ರೋಗಿಯ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಪತ್ತೆ ಮಾಡಲು ಮೊದಲು ಸಾಲುಸಾಲು ಟ್ಯೂಬುಗಳು ಬೇಕಾಗಿದ್ದವು. ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಯೂರಿಯಾ. ಬಣ್ಣ ಬದಲಾಯಿತಾ ಎಂದು ಮಾರನೇ ದಿನದವರೆಗೂ ಕಾಯಬೇಕಿತ್ತು. ಈಗ ದೊಡ್ಡ ಆಸ್ಪತ್ರೆಗಳ ಲ್ಯಾಬಿನಲ್ಲಿ ಮಾಲ್ಡಿ-ಟಾಫ್ ಎಂಬ ಯಂತ್ರ ಆ ಹೆಸರನ್ನು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಆದರೆ ಆ ನಿಮಿಷಗಳ ಲೆಕ್ಕ ಶುರುವಾಗುವುದು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದ ಮೇಲೆ. ಬೆಳೆಯಲು ಒಂದು ರಾತ್ರಿಯೋ ಎರಡು ದಿನವೋ ಬೇಕೇ ಬೇಕು.

ಕೆಲಸ ನೋಡಲು ಸುಲಭ. ತಟ್ಟೆಯಲ್ಲಿ ಬೆಳೆದ ಒಂದು ಚುಕ್ಕೆಯನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಲೋಹದ ಪ್ಲೇಟಿನ ಒಂದು ಗುಂಡಿಯ ಮೇಲೆ ತೆಳ್ಳಗೆ ಸವರುತ್ತೇವೆ. ಅದರ ಮೇಲೆ ಒಂದು ಮೈಕ್ರೋಲೀಟರ್ ಮ್ಯಾಟ್ರಿಕ್ಸ್ ದ್ರಾವಣ ಹಾಕಿ ಒಣಗಿಸುತ್ತೇವೆ. ಯಂತ್ರದೊಳಗೆ ಗಾಳಿ ಇರುವುದಿಲ್ಲ. ಲೇಸರ್ ಬೆಳಕು ಬಿದ್ದಾಗ ಮ್ಯಾಟ್ರಿಕ್ಸ್ ಅದನ್ನು ಹೀರಿಕೊಂಡು ಹಾರುತ್ತದೆ, ಜೊತೆಗೆ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನೂ ಒಡೆಯದೆ ಎತ್ತಿಕೊಂಡು ಹೋಗುತ್ತದೆ. ಉದ್ದನೆಯ ಕೊಳವೆಯಲ್ಲಿ ಹಗುರವಾದ ಪ್ರೋಟೀನು ಮೊದಲು ತುದಿ ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ತಲುಪಿದ ಹೊತ್ತಿನಿಂದ ತೂಕ ಗೊತ್ತಾಗುತ್ತದೆ. ದೊಡ್ಡ ಪ್ರೋಟೀನುಗಳನ್ನು ಹೀಗೆ ಒಡೆಯದೆ ಲೇಸರಿನಿಂದ ಎತ್ತಬಹುದು ಎಂದು ತೋರಿಸಿದ ಜಪಾನಿನ ಕೊಯಿಚಿ ತನಾಕಾ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಯಂತ್ರ ನೋಡುವುದು ಸುಮಾರು 2,000ದಿಂದ 20,000 ಡಾಲ್ಟನ್ ತೂಕದ ಪ್ರೋಟೀನುಗಳನ್ನು. ಅವುಗಳಲ್ಲಿ ಬಹಳಷ್ಟು ರೈಬೋಸೋಮಿನವು. ಅವು ಜೀವಕೋಶದಲ್ಲಿ ಜಾಸ್ತಿ ಇರುತ್ತವೆ, ಯಾವ ತಟ್ಟೆಯಲ್ಲಿ ಬೆಳೆಸಿದರೂ ಅಷ್ಟಾಗಿ ಬದಲಾಗುವುದಿಲ್ಲ. ಹೀಗೆ ಬಂದ ಗೆರೆಗಳ ಸಾಲನ್ನು ಯಂತ್ರ ತನ್ನ ಬಳಿ ಇರುವ ಮಾದರಿಗಳ ಸಂಗ್ರಹದ ಜೊತೆ ಹೋಲಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಊರಿನ ಜಗಲಿ ಮೇಲೆ ಕೂತ ಅಜ್ಜಿ, ಬಸ್ ಇಳಿದು ಬಂದ ಹುಡುಗನ ಮುಖ ನೋಡಿ "ನೀನು ಮೇಲಿನಮನೆ ರಾಮಣ್ಣನ ಮಗ ಅಲ್ವಾ?" ಅನ್ನುತ್ತಾಳೆ. ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಅವನು ರಾಮಣ್ಣನ ದೊಡ್ಡಪ್ಪನ ಮೊಮ್ಮಗ, ಆ ಮನೆಯವರು ಬೇರೆ ಊರಿಗೆ ಹೋಗಿ ಕಾಲವಾಗಿದೆ, ಅಜ್ಜಿ ಅವರನ್ನು ಕಂಡೇ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಅವಳು ರಾಮಣ್ಣನ ಹೆಸರನ್ನೇ ಹೇಳುತ್ತಾಳೆ. ಅವಳ ಕಣ್ಣು ಚೆನ್ನಾಗಿಯೇ ಇದೆ. ಕಾಣದ ಮನೆಯ ಹೆಸರು ಅವಳ ಬಾಯಿಗೆ ಹೇಗೆ ಬಂದೀತು?

ಈಗ ಒಂದು ಪ್ರಕರಣ ಊಹಿಸಿಕೊಳ್ಳೋಣ. ನಮ್ಮ ಜಿಲ್ಲೆಯ ಹಳ್ಳಿಯೊಂದರ ನಲವತ್ತೈದು ವರ್ಷದ ಹೆಂಗಸು. ಮೂರು ವಾರದಿಂದ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟನೋವು. ಟೈಫಾಯ್ಡ್ ಎಂದು ಎರಡು ಸಲ ಔಷಧಿ ಆಗಿದೆ. ಆಸ್ಪತ್ರೆಯಲ್ಲಿ ರಕ್ತವನ್ನು ಕಲ್ಚರ್ ಬಾಟಲಿಗೆ ಹಾಕಿದರು. ನಾಲ್ಕನೇ ದಿನ ಬಾಟಲಿ ಪಾಸಿಟಿವ್ ಬಂತು. ಗ್ರಾಮ್ ಬಣ್ಣ ಹಾಕಿ ನೋಡಿದರೆ ನಸುಗೆಂಪಿನ, ತೀರಾ ಸಣ್ಣ ಕಣಗಳು, ಮರಳು ಚೆಲ್ಲಿದ ಹಾಗೆ. ರಕ್ತದ ಅಗರ್ ತಟ್ಟೆಯಲ್ಲಿ ಮೊದಲ ದಿನ ಏನೂ ಕಾಣಲಿಲ್ಲ. ಎರಡನೇ ದಿನ ಸೂಜಿಮೊನೆಯಷ್ಟು ಚುಕ್ಕೆಗಳು. ಮೆಕಾಂಕಿ ತಟ್ಟೆ ಮಾತ್ರ ಖಾಲಿ. ಚುಕ್ಕೆಯನ್ನು ಯಂತ್ರಕ್ಕೆ ಕೊಟ್ಟರೆ ಪರದೆ ಮೇಲೆ ಬಂದದ್ದು ಇದು:

```
Ochrobactrum anthropi   1.93
```

ಬಹಳ ಲ್ಯಾಬುಗಳಲ್ಲಿರುವ ಒಂದು ಯಂತ್ರದ ಲೆಕ್ಕದಲ್ಲಿ ಅಂಕ 2.0 ಅಥವಾ ಮೇಲಿದ್ದರೆ ಪ್ರಭೇದದ ಹೆಸರು ನಂಬಬಹುದು. 1.7ರಿಂದ 2.0ರ ಒಳಗಿದ್ದರೆ ಕುಲದ ಹೆಸರು ಮಾತ್ರ. ಅದಕ್ಕಿಂತ ಕೆಳಗೆ ಯಾವ ಹೆಸರನ್ನೂ ನಂಬುವಂತಿಲ್ಲ. ಹಾಗಾದರೆ 'ಓಕ್ರೋಬ್ಯಾಕ್ಟ್ರಮ್ ಕುಲ' ಎಂದು ಬರೆದು ಮುಗಿಸಬಹುದಾ?

ಮುಗಿಸಬಾರದು. ಆ ಅಂಕ ಹೇಳುವುದು 'ಸಂಗ್ರಹದಲ್ಲಿ ಇರುವವರ ಪೈಕಿ ಇದು ಯಾರನ್ನು ಎಷ್ಟು ಹೋಲುತ್ತದೆ' ಎಂದಷ್ಟೇ. ಓಕ್ರೋಬ್ಯಾಕ್ಟ್ರಮ್‌ಗೆ ತೀರಾ ಹತ್ತಿರದ ನೆಂಟ ಬ್ರೂಸೆಲ್ಲಾ. ದಿನ ತುಂಬುವ ಮೊದಲೇ ಹಸು ಕಂದು ಹಾಕುವ ರೋಗ ತರುವುದು ಅದೇ. ಬ್ರೂಸೆಲ್ಲಾವನ್ನು ಜೈವಿಕ ಅಸ್ತ್ರವಾಗಿಯೂ ಬಳಸಬಹುದು ಎಂಬ ಭಯ ಇರುವುದರಿಂದ, ಅಂತಹ ರೋಗಾಣುಗಳ ಮಾದರಿಗಳನ್ನು ಸಾಮಾನ್ಯ ಸಂಗ್ರಹದಲ್ಲಿ ಸೇರಿಸದೆ ಪ್ರತ್ಯೇಕವಾಗಿ ಕೊಡುವ ಪದ್ಧತಿ ಬಂತು. ಆ ಪ್ರತ್ಯೇಕ ಸಂಗ್ರಹ ಇಲ್ಲದ ಲ್ಯಾಬಿನಲ್ಲಿ ಬ್ರೂಸೆಲ್ಲಾ ಎಂಬ ಉತ್ತರ ಬರುವ ದಾರಿಯೇ ಇಲ್ಲ. ಬರುವುದು ನೆಂಟನ ಹೆಸರು.

ಇದರ ಬೆಲೆ ಏನು? ಓಕ್ರೋಬ್ಯಾಕ್ಟ್ರಮ್ ಮಣ್ಣು, ನೀರಲ್ಲಿ ಇರುವ ಜೀವಿ. ಸಾಮಾನ್ಯವಾಗಿ ಕ್ಯಾತಿಟರ್ ಹಾಕಿದವರಿಗೆ, ಶಕ್ತಿ ಕುಂದಿದವರಿಗೆ ಸೋಂಕು ತರುತ್ತದೆ. ಆ ಹೆಸರು ನೋಡಿದ ಡಾಕ್ಟರು ಹೊರಗಿನಿಂದ ಸೇರಿದ ಕಲಬೆರಕೆ ಅಂದುಕೊಳ್ಳಬಹುದು, ಇಲ್ಲವೇ ಕೆಲವೇ ದಿನ ಔಷಧಿ ಕೊಟ್ಟು ಮನೆಗೆ ಕಳಿಸಬಹುದು. ಬ್ರೂಸೆಲ್ಲಾಗೆ ಆರು ವಾರ ಡಾಕ್ಸಿಸೈಕ್ಲಿನ್ ಬೇಕು, ಜೊತೆಗೆ ಇನ್ನೊಂದು ಔಷಧಿಯೂ ಬೇಕು. ರಿಫಾಂಪಿಸಿನ್ ಕೊಟ್ಟರೆ ಅದೂ ಆರು ವಾರ. ಅರ್ಧಕ್ಕೆ ಬಿಟ್ಟರೆ ಜ್ವರ ಮರಳುತ್ತದೆ, ಬೆನ್ನುಮೂಳೆಗೂ ಇಳಿಯಬಹುದು.

ಇನ್ನು ಲ್ಯಾಬಿನ ಹುಡುಗರ ಮಾತು. ಬ್ರೂಸೆಲ್ಲಾ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳ ಮೂಲಕ ಮೂಗಿಗೆ ಹೋದರೂ ಸಾಕು, ರೋಗ ಬರುತ್ತದೆ. ತಟ್ಟೆಯನ್ನು ತೆರೆದ ಮೇಜಿನ ಮೇಲೆ ತೆಗೆದು, ಮೂಸಿ ನೋಡಿ, ಯಂತ್ರದ ಪ್ಲೇಟಿಗೆ ಸವರಿದವರೆಲ್ಲ ಅಪಾಯಕ್ಕೆ ಒಳಗಾದ ಹಾಗೆಯೇ. ಅವರಿಗೆ ಮುನ್ನೆಚ್ಚರಿಕೆಯಾಗಿ ಮೂರು ವಾರ ಔಷಧಿ, ತಿಂಗಳುಗಟ್ಟಲೆ ರಕ್ತಪರೀಕ್ಷೆ. ನನಗೆ ಅತಿ ಹೆಚ್ಚು ಆತಂಕ ಇರುವುದು ಇಲ್ಲೇ. ಹೆಸರು ಪರದೆ ಮೇಲೆ ಬರುವ ಹೊತ್ತಿಗೆ ಕೈ ಆಗಲೇ ಕೆಲಸ ಮುಗಿಸಿರುತ್ತದೆ. ಅದಕ್ಕೇ ಗ್ರಾಮ್ ಬಣ್ಣದಲ್ಲಿ ಮರಳಿನಂಥ ಕಣ ಕಂಡ ಕೂಡಲೇ ಬಾಟಲಿಯನ್ನೂ ತಟ್ಟೆಯನ್ನೂ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಸೇರಿಸಬೇಕು. ಯಂತ್ರಕ್ಕೆ ಕೊಡಲೇಬೇಕಿದ್ದರೆ, ಎಥೆನಾಲ್ ಮತ್ತು ಫಾರ್ಮಿಕ್ ಆಮ್ಲದಿಂದ ಬ್ಯಾಕ್ಟೀರಿಯಾವನ್ನು ಸಾಯಿಸಿದ ಮೇಲೆ ಕೊಡಬೇಕು.

ನಮ್ಮ ಪ್ರಕರಣಕ್ಕೆ ಬರೋಣ. ಟೆಕ್ನಿಷಿಯನ್‌ಗೆ ಆ ಖಾಲಿ ಮೆಕಾಂಕಿ ತಟ್ಟೆ ಕಾಡಿತು. ಓಕ್ರೋಬ್ಯಾಕ್ಟ್ರಮ್ ಆಗಿದ್ದರೆ ಅದರಲ್ಲಿ ಬೆಳೆಯಬೇಕಿತ್ತು. ಬ್ರೂಸೆಲ್ಲಾ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಕ್ಯಾಬಿನೆಟ್ಟಿನಲ್ಲಿ ಯೂರಿಯಾ ಪರೀಕ್ಷೆ ಮಾಡಿದರೆ ಅರ್ಧ ಗಂಟೆಯೊಳಗೆ ಗುಲಾಬಿ ಬಣ್ಣ. ಓಕ್ರೋಬ್ಯಾಕ್ಟ್ರಮ್ ಕೂಡ ಯೂರಿಯಾ ಒಡೆಯಬಹುದು, ಹಾಗಾಗಿ ಇದೊಂದೇ ಸಾಲದು. ಆದರೆ ನಿಧಾನದ ಬೆಳವಣಿಗೆ, ಮರಳಿನಂಥ ಕಣ, ಖಾಲಿ ತಟ್ಟೆ, ಎಲ್ಲವೂ ಒಂದೇ ಕಡೆ ಕೈ ತೋರಿಸುತ್ತಿದ್ದವು. ವಾರ್ಡಿಗೆ ಹೋಗಿ ಕೇಳಿದರು.

"ಅಮ್ಮಾ, ಮನೇಲಿ ದನ ಇದೆಯಾ?"

"ಮೂರು ಹಸು ಇದೆ ಸಾರ್. ಒಂದು ಎರಡು ತಿಂಗಳ ಹಿಂದೆ ಕಂದು ಹಾಕ್ತು. ಕಸ ನಾನೇ ಎತ್ತಿ ಹಾಕಿದೆ."

ಕೈಗೆ ಗ್ಲೌಸ್ ಇತ್ತಾ ಎಂದು ಕೇಳುವ ಅಗತ್ಯವೇ ಬರಲಿಲ್ಲ. ಯಂತ್ರದ ಯಾವ ಸಂಗ್ರಹದಲ್ಲೂ ಇಲ್ಲದ ಮಾಹಿತಿ ಅದು. ರಕ್ತದ ಸೀರಮ್ಮಿನಲ್ಲಿ ಬ್ರೂಸೆಲ್ಲಾ ಪ್ರತಿಕಾಯದ ಪರೀಕ್ಷೆಗೆ ಕಳಿಸಿದರು. ಬೆಳೆದ ಬ್ಯಾಕ್ಟೀರಿಯಾವನ್ನು ಖಚಿತಪಡಿಸಲು ರೆಫರೆನ್ಸ್ ಲ್ಯಾಬಿಗೆ ಪ್ಯಾಕ್ ಮಾಡಿದರು.

ಸಂಗ್ರಹ ಹಿಗ್ಗಿಸಬಹುದು. ಜರ್ಮನಿಯ ರಾಬರ್ಟ್ ಕೋಖ್ ಸಂಸ್ಥೆ ಇಂತಹ ಅಪಾಯಕಾರಿ ರೋಗಾಣುಗಳ ಮಾದರಿಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಆದರೆ ಹಿಗ್ಗಿಸಿದರೂ ಕೆಲವು ಕಡೆ ಗೋಡೆ ಇದೆ. ಇ. ಕೋಲಿ ಮತ್ತು ಭೇದಿ ತರುವ ಶಿಗೆಲ್ಲಾ ಎಷ್ಟು ಹತ್ತಿರ ಎಂದರೆ, ಎರಡೂ ಸಂಗ್ರಹದಲ್ಲಿದ್ದರೂ ದಿನನಿತ್ಯದ ಹೋಲಿಕೆಯಲ್ಲಿ ಯಂತ್ರ ಅವನ್ನು ನಂಬುವ ಹಾಗೆ ಬೇರೆ ಮಾಡುವುದಿಲ್ಲ.

ಹೆಸರಿನ ಇನ್ನೊಂದು ತೊಡಕೂ ಇದೆ. 2020ರಲ್ಲಿ ವರ್ಗೀಕರಣದವರು ಓಕ್ರೋಬ್ಯಾಕ್ಟ್ರಮ್ ಪ್ರಭೇದಗಳನ್ನು ಬ್ರೂಸೆಲ್ಲಾ ಕುಲಕ್ಕೇ ಸೇರಿಸಿದರು. ಹೊಸ ಪಟ್ಟಿಯಲ್ಲಿ ಮಣ್ಣಿನ ಆ ಜೀವಿಯ ಹೆಸರು `Brucella anthropi`. ವರದಿಯಲ್ಲಿ ಅದನ್ನು ನೋಡಿದ ಡಾಕ್ಟರು ಕಂದು ರೋಗ ಎಂದುಕೊಂಡರೆ ತಪ್ಪು ಅವರದಲ್ಲ. ಅದಕ್ಕೆ ಹಳೆಯ ಹೆಸರನ್ನೂ ಪಕ್ಕದಲ್ಲೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹೆಂಗಸಿನ ವರದಿಯಲ್ಲಿ ಯಂತ್ರದ ಹೆಸರು ಹೋಗಲಿಲ್ಲ. 'ಬ್ರೂಸೆಲ್ಲಾ ಶಂಕೆ ಇದೆ, ಖಚಿತಪಡಿಸಲು ಕಳಿಸಲಾಗಿದೆ' ಎಂದು ಬರೆದು, ಡಾಕ್ಟರಿಗೆ ಫೋನ್ ಮಾಡಿ ಹೇಳಿದರು. ಎರಡನೇ ಫೋನ್ ಪಶುವೈದ್ಯರಿಗೆ. ಕೊಟ್ಟಿಗೆಯಲ್ಲಿ ಇನ್ನೂ ಎರಡು ಹಸು ಇದ್ದವು, ಒಂದು ಗಬ್ಬವಾಗಿತ್ತು.